ಜಾತ್ರೆ ವಿಡಿಯೊಗೆ ಕ್ಲೇಮ್ ಬಂದರೆ: ಅಳಿಸೋದಾ, ಡಿಸ್‌ಪ್ಯೂಟ್ ಹಾಕೋದಾ, ಲೈಸೆನ್ಸ್ ಸಂಗೀತಕ್ಕೆ ಹೋಗೋದಾ?

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯ ತೇರನ್ನು 12 ನಿಮಿಷದ ವಿಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕಿದ್ದೀರಿ ಅಂತಿಟ್ಟುಕೊಳ್ಳಿ. ಮಿಠಾಯಿ ಅಂಗಡಿಯ ಸ್ಪೀಕರ್‌ನಿಂದ ಸಿನಿಮಾ ಹಾಡೊಂದು 40 ಸೆಕೆಂಡ್ ಕೇಳಿಸುತ್ತದೆ. ಹಕ್ಕಿರುವ ಹಾಡುಗಳನ್ನು ತಾನೇ ಗುರುತಿಸುವ ಯೂಟ್ಯೂಬಿನ ವ್ಯವಸ್ಥೆ Content ID ಅದನ್ನು ಹಿಡಿದು ಹಾಡಿನ ಹಕ್ಕುದಾರರ ಹೆಸರಿಗೆ ಕ್ಲೇಮ್ ಹಾಕುತ್ತದೆ. ಹಾಡು ಬಂದಿದ್ದು 40 ಸೆಕೆಂಡೇ ಆದರೂ ಸಾಮಾನ್ಯವಾಗಿ ಇಡೀ ವಿಡಿಯೊದ ಜಾಹೀರಾತು ಹಣ ಅವರ ಪಾಲಾಗುತ್ತದೆ. ಇದು ಸ್ಟ್ರೈಕ್ ಅಲ್ಲ, ಚಾನೆಲ್‌ಗೆ ಪೆಟ್ಟಿಲ್ಲ. ಹಕ್ಕುದಾರರು ವಿಡಿಯೊ ತೆಗೆಸುವ ಅರ್ಜಿ ಕೊಟ್ಟಾಗಲೇ ಸ್ಟ್ರೈಕ್ ಬೀಳುವುದು. 90 ದಿನಗಳಲ್ಲಿ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು.

ಇಂಥ ವಿಡಿಯೊಗಳ ಮೇಲೆ ನಾವು ಎಲ್ಲ ದಾರಿಗಳನ್ನೂ ಪ್ರಯೋಗಿಸಿ ನೋಡಿದ್ದೇವೆ.

ಯೂಟ್ಯೂಬ್ ಸ್ಟುಡಿಯೊದಲ್ಲೇ ಹಾಡನ್ನು ಅಳಿಸುವುದು ಎಲ್ಲಕ್ಕಿಂತ ಸುಲಭ. ಲಿಂಕ್, ವ್ಯೂಸ್, ಕಾಮೆಂಟ್ ಎಲ್ಲ ಹಾಗೇ ಉಳಿಯುತ್ತವೆ. ಆದರೆ ಹಾಡಿನ ಮೇಲೆ ಮಾತು, ಅದರ ಮೇಲೆ ಹಲಗಿ ಬಡಿತ ಬೆರೆತಿದ್ದರೆ ಹಾಡಿನ ಜೊತೆ ಹಲಗಿಯ ದಮ್ಮೂ ಹೋಗುತ್ತದೆ, ಮಾತು ಬಿಂದಿಗೆಯ ಒಳಗಿಂದ ಬಂದ ಹಾಗೆ ಕೇಳುತ್ತದೆ. ಹಾಡು ಪೂರ್ತಿ ಅಳಿಯದಿದ್ದರೆ ಕ್ಲೇಮೂ ಹೋಗುವುದಿಲ್ಲ. ಹಾಗಾದಾಗ ಆ 40 ಸೆಕೆಂಡನ್ನೇ ಕತ್ತರಿಸುವುದು ಖಾತ್ರಿಯ ಕೆಲಸ. ತೇರು ಹೊರಡುವ ಕ್ಷಣವೇ ಆ ತುಂಡಿನಲ್ಲಿದ್ದರೆ ಮಾತ್ರ ಕರುಳು ಚುರ್ರೆನ್ನುತ್ತದೆ. ಎಡಿಟ್ ಪ್ರೊಸೆಸ್ ಆಗಲು ಕೆಲವೊಮ್ಮೆ ಗಂಟೆಗಟ್ಟಲೆ ಬೇಕು. ಜಾತ್ರೆ ವಿಡಿಯೊ ಓಡುವುದೇ ಮೊದಲೆರಡು ದಿನ. ಆ ಹೊತ್ತಿನ ಗಳಿಕೆ ಅಷ್ಟರಲ್ಲಿ ಕೈಬಿಟ್ಟಿರುತ್ತದೆ. ಅದಕ್ಕೇ ವಿಡಿಯೊವನ್ನು ಹಿಂದಿನ ರಾತ್ರಿಯೇ Private ಇಟ್ಟು ಅಪ್‌ಲೋಡ್ ಮಾಡಿ, ಕಾಪಿರೈಟ್ ಪರೀಕ್ಷಿಸುವ Checks ಮುಗಿದು ಏನೂ ಸಿಗಲಿಲ್ಲ ಅಂದ ಮೇಲೆ Public ಮಾಡಿ. ಬರೀ ಇಷ್ಟು ಮಾಡಿದರೆ ಅರ್ಧ ತಾಪತ್ರಯ ತಪ್ಪುತ್ತದೆ.

ಡಿಸ್‌ಪ್ಯೂಟ್, ಅಂದರೆ ಕ್ಲೇಮ್ ತಪ್ಪು ಅಂತ ತಕರಾರು ಹಾಕುವುದು, ಹಾಡು ಬಳಸುವ ಅನುಮತಿಯ ಕಾಗದ ಕೈಯಲ್ಲಿದ್ದವರಿಗೆ ಮಾತ್ರ. ಕ್ಲೇಮ್ ಬಂದ 5 ದಿನದೊಳಗೆ ಹಾಕಿದರೆ ಕ್ಲೇಮ್ ಬಿದ್ದ ದಿನದಿಂದಲೇ ಹಣವನ್ನು ಯಾರಿಗೂ ಕೊಡದೆ ಹಿಡಿದಿಡುತ್ತಾರೆ. ತಡ ಮಾಡಿದರೆ ಹಾಕಿದ ದಿನದಿಂದ ಮಾತ್ರ. ಎದುರಿನವರಿಗೆ ಉತ್ತರಿಸಲು 30 ದಿನ ಸಮಯವಿದೆ. ಅವರು ಒಪ್ಪದೆ ನೀವು ಅಪೀಲ್ ಹೋದರೆ 7 ದಿನ, ಅಲ್ಲಿಯೂ ಅವರು ಪಟ್ಟು ಬಿಡದೆ ತೆಗೆಸುವ ಅರ್ಜಿ ಕೊಟ್ಟರೆ ಸ್ಟ್ರೈಕ್. "ಹಾಡು ಹಿನ್ನೆಲೆಯಲ್ಲಿತ್ತು, ನಾನು ಹಾಕಿದ್ದಲ್ಲ" ಅನ್ನುವ ಒಂದೇ ಮಾತು ನಂಬಿ ಅಪೀಲ್‌ವರೆಗೆ ಹೋಗಬೇಡಿ.

ಲೈಸೆನ್ಸ್ ಸಂಗೀತದಲ್ಲಿ ಯೂಟ್ಯೂಬಿನದೇ ಆಡಿಯೊ ಲೈಬ್ರರಿ ನಮ್ಮ ಮೊದಲ ಆಯ್ಕೆ. ಪುಕ್ಕಟೆ, ಗಳಿಕೆಗೆ ತೊಂದರೆಯಿಲ್ಲ. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನ CC ಗುರುತಿದ್ದ ಹಾಡಿಗೆ ಅಲ್ಲೇ ಕೊಟ್ಟಿರುವ ಕ್ರೆಡಿಟ್ ಸಾಲನ್ನು ಡಿಸ್ಕ್ರಿಪ್ಶನ್‌ಗೆ ಹಾಕಲೇಬೇಕು. ಕೊರತೆ ಅಂದರೆ ನಮ್ಮ ಕಡೆಯ ನಾದ ಅಲ್ಲಿ ಸಿಗುವುದಿಲ್ಲ. ಬೀದರ್ ಕೋಟೆಯ ದೃಶ್ಯಕ್ಕೆ ಯಾವುದೋ ಊರಿನ ಗಿಟಾರ್ ಕೂರಿಸಬೇಕಾಗುತ್ತದೆ. ಚಂದಾ ಲೈಬ್ರರಿಗಳಲ್ಲಿ ಆಯ್ಕೆ ಹೆಚ್ಚು. ಆದರೆ ಖಾತೆಗೆ ನಿಮ್ಮ ಚಾನೆಲ್ ಲಿಂಕ್ ಮಾಡದೆ ಅಪ್‌ಲೋಡ್ ಮಾಡಿದರೆ ದುಡ್ಡು ಕೊಟ್ಟವರಿಗೂ ಕ್ಲೇಮ್ ಬರಬಹುದು. ಚಂದಾ ನಿಂತ ಮೇಲೆ ಹಳೆಯ ವಿಡಿಯೊಗಳ ಗತಿ ಏನು ಅನ್ನುವ ಷರತ್ತನ್ನು ಕೊಳ್ಳುವ ಮೊದಲೇ ಓದಿ. "ನೋ ಕಾಪಿರೈಟ್" ಅಂತ ತಲೆಬರಹ ಹಾಕಿದ ಯಾರದೋ ಚಾನೆಲ್ಲಿನ ಟ್ರ್ಯಾಕ್ ನಂಬಲೇಬೇಡಿ: ಇವತ್ತು ಬಿಟ್ಟ ಟ್ರ್ಯಾಕನ್ನು ನಾಳೆ Content IDಗೆ ಸೇರಿಸಿದರೆ ಹಳೆಯ ವಿಡಿಯೊಗಳಿಗೂ ಕ್ಲೇಮ್ ಬರುತ್ತದೆ.

ಶಾರ್ಟ್ಸ್‌ನ ಲೆಕ್ಕವೇ ಬೇರೆ. ಅಲ್ಲಿಯ ಲೈಬ್ರರಿಯಿಂದ ಹಾಡು ಹಾಕಿದರೂ ಬಿಟ್ಟರೂ ನಿಮ್ಮ ಪಾಲಿಗೆ ಹಂಚಿದ ಜಾಹೀರಾತು ಹಣದಲ್ಲಿ 45% ನಿಮ್ಮದು. ಆದರೆ ಒಂದು ನಿಮಿಷ ಮೀರಿದ ಶಾರ್ಟ್ಸ್‌ಗೆ ಕ್ಲೇಮ್ ಬಿದ್ದರೆ ಅದು ಎಲ್ಲೆಡೆ ಬ್ಲಾಕ್ ಆಗುತ್ತದೆ.

ಜಾತ್ರೆ ವಿಡಿಯೊಗೆ ನಮ್ಮ ಮೆಚ್ಚಿನ ದಾರಿ ಊರಿನ ಭಜನಾ ಮಂಡಳಿಯಿಂದ ವಚನ ಹಾಡಿಸಿ ನಾವೇ ರೆಕಾರ್ಡ್ ಮಾಡುವುದು. ಬಸವಣ್ಣನವರ ವಚನದ ಪದಗಳಿಗೆ ಯಾರ ಹಕ್ಕೂ ಇಲ್ಲ, ಆದರೆ ಕ್ಯಾಸೆಟ್‌ನಲ್ಲಿ ಕೇಳಿದ ಧಾಟಿಗೆ ಸಂಗೀತಗಾರರ ಹಕ್ಕು ಇರಬಹುದು, ರೆಕಾರ್ಡಿಂಗಿಗಂತೂ ಕಂಪನಿಯ ಹಕ್ಕು ಬೇರೆಯೇ ಇರುತ್ತದೆ. ಅದಕ್ಕೇ ಮಂಡಳಿಯವರ ಸ್ವಂತ ಧಾಟಿಯಲ್ಲೇ ಹಾಡಿಸಿ. ಯಾವ ಹಾಡು, ಯಾವ ದಿನ, ಎಷ್ಟು ಹಣ ಕೊಟ್ಟದ್ದು, ಯೂಟ್ಯೂಬಿನಲ್ಲಿ ಗಳಿಕೆಗೆ ಬಳಸಲು ಒಪ್ಪಿಗೆ ಇದೆ, ಇದೇ ರೆಕಾರ್ಡಿಂಗನ್ನು ಬೇರೆಯವರ ಮೂಲಕ Content IDಗೆ ಸೇರಿಸುವುದಿಲ್ಲ ಅಂತ ಒಂದೇ ಪುಟದಲ್ಲಿ ಬರೆದು, ಹಾಡಿದವರೆಲ್ಲರ ಸಹಿ ಹಾಕಿಸಿಕೊಳ್ಳಿ.