ಬಚ್ಚಲುಮನೆಗೆ ಪಿವಿಸಿ ಸೀಲಿಂಗ್: ನಾಲ್ಕು ವರ್ಷ ಬಳಸಿದ ಮೇಲೆ

ಶಿವಮೊಗ್ಗದ ನಮ್ಮ ಮನೆಯಲ್ಲಿ ಕೆಳಗೆ ನಾವಿದ್ದೇವೆ, ಮೇಲೆ ಅಣ್ಣ ಅತ್ತಿಗೆ ಇದ್ದಾರೆ. ಅವರ ಬಚ್ಚಲಿನ ನೇರ ಕೆಳಗೇ ನಮ್ಮ ಬಚ್ಚಲು. ಅವರ ಬಚ್ಚಲಿನ ಮೇಲೆ ಬಯಲು ತಾರಸಿ. 2021ರ ಮೇ ತಿಂಗಳಲ್ಲಿ ನಮ್ಮ ಬಚ್ಚಲಿಗೆ ಪಿವಿಸಿ ಸೀಲಿಂಗ್ ಹಾಕಿಸಿದೆ. ನಾಲ್ಕು ಮಳೆಗಾಲ ದಾಟಿದೆ, ಈಗ ಧೈರ್ಯವಾಗಿ ಬರೆಯಬಹುದು ಅನಿಸಿತು.

ಅದಕ್ಕೆ ಮೊದಲು ಅಲ್ಲಿ ಜಿಪ್ಸಮ್ ಬೋರ್ಡಿನ ಫಾಲ್ಸ್ ಸೀಲಿಂಗ್ ಇತ್ತು. ಮೇಲಿನ ಬಚ್ಚಲಿನ ನೆಲದ ನೀರು ಇಳಿಯುವ ನಹಾನಿ ಟ್ರ್ಯಾಪ್ ಮತ್ತು ಪೈಪುಗಳು ನಮ್ಮ ತಲೆಯ ಮೇಲೇ ನೇತಾಡುತ್ತವೆ, ಅವು ಕಾಣಬಾರದು ಅಂತ 2018ರಲ್ಲಿ ಹಾಕಿಸಿದ್ದೆವು. ಎರಡೇ ವರ್ಷಕ್ಕೆ ಒಂದು ಮೂಲೆಯಲ್ಲಿ ಕಂದು ಕಲೆ ಬಂತು. ಪೈಂಟರ್ ಕೆರೆದು ಪುಟ್ಟಿ ಹಚ್ಚಿ ಬಣ್ಣ ಬಳಿದು ಹೋದರು. ಆರು ತಿಂಗಳಲ್ಲಿ ಬಣ್ಣ ಚಕ್ಕೆ ಚಕ್ಕೆಯಾಗಿ ಬಕೆಟ್ಟಿಗೆ ಬೀಳತೊಡಗಿತು. ಎರಡನೇ ಸಲ ಬಳಿಸಿದೆವು. ಆಗ ಬೋರ್ಡೇ ಉಬ್ಬಿತು. ಬೆರಳಿಟ್ಟು ಒತ್ತಿದರೆ ನೆನೆದ ರಟ್ಟಿನ ಹಾಗೆ ಒಳಗೆ ಹೋಗುತ್ತಿತ್ತು. ಜಿಪ್ಸಮ್ ಬೋರ್ಡ್ ಅಂದರೆ ಎರಡು ಕಾಗದದ ಹಾಳೆಗಳ ನಡುವೆ ಜಿಪ್ಸಮ್. ನೀರು ಕುಡಿದ ಮೇಲೆ ಅದಕ್ಕೆ ಗಟ್ಟಿತನ ಉಳಿಯುವುದಿಲ್ಲ.

ಅದೇ ಹೊತ್ತಿಗೆ ಅತ್ತಿಗೆಯವರ ಬಚ್ಚಲಲ್ಲೂ ತೊಂದರೆ ಶುರುವಾಗಿತ್ತು. ಅಲ್ಲಿ ಫಾಲ್ಸ್ ಸೀಲಿಂಗ್ ಇಲ್ಲ, ಗಾರೆಯ ಮೇಲೆ ನೇರ ಬಣ್ಣ. ಆ ಬಣ್ಣವೂ ಎದ್ದಿತ್ತು, ಕಪ್ಪು ಚುಕ್ಕೆಗಳೂ ಬಂದಿದ್ದವು. ನೋಡಿದ ಮೇಸ್ತ್ರಿ ಒಂದೇ ಮಾತಲ್ಲಿ ತೀರ್ಮಾನ ಕೊಟ್ಟರು: "ತಾರಸಿ ಸೋರ್ತಿದೆ. ಅದಕ್ಕೆ ವಾಟರ್‌ಪ್ರೂಫಿಂಗ್ ಮಾಡಿಸಿ, ಕೆಳಗೂ ಮೇಲೂ ಪಿವಿಸಿ ಹೊಡೆಸಿಬಿಡಿ." ಅವರ ಮಾತು ಕೇಳಿದ್ದರೆ ತಾರಸಿಗೆ ಹಾಕಿದ ದುಡ್ಡು ಪೂರ್ತಿ ದಂಡವಾಗುತ್ತಿತ್ತು.

ಎರಡೂ ಕಡೆ ಕಲೆಗಳನ್ನು ಸುಮ್ನೆ ನಿಂತು ನೋಡಿದರೂ ಸಾಕಿತ್ತು, ಅವು ಒಂದೇ ಥರ ಇರಲಿಲ್ಲ. ನಮ್ಮದು ಒಂದೇ ಕಡೆ ಇತ್ತು. ಅಂಚಿನಲ್ಲಿ ಚಹಾ ಲೋಟ ಇಟ್ಟ ಹಾಗೆ ಕಂದು ಉಂಗುರ. ಬೋರ್ಡ್ ಕಿತ್ತ ಮೇಲೆ ಸ್ಲ್ಯಾಬಿನಲ್ಲಿ ಬಿಳಿ ಉಪ್ಪು ಹತ್ತಿಯ ಹಾಗೆ ಕಟ್ಟಿಕೊಂಡಿದ್ದೂ ಕಾಣಿಸಿತು. ಅತ್ತಿಗೆಯವರ ಕಡೆ ಉಂಗುರವೇ ಇಲ್ಲ. ಕಪ್ಪು ಬೂಷ್ಟಿನ ಚುಕ್ಕೆ ಸೀಲಿಂಗ್ ತುಂಬ ಹರಡಿತ್ತು, ಹೊರಗೋಡೆಯ ಮೂಲೆಗಳಲ್ಲಿ ಜಾಸ್ತಿ. ಮುಖ್ಯವಾಗಿ, ಅದು ಜಾಸ್ತಿಯಾಗಿದ್ದು ಡಿಸೆಂಬರ್, ಜನವರಿಯಲ್ಲಿ. ಆಗ ನಮ್ಮಲ್ಲಿ ಮಳೆ ಎಲ್ಲಿ ಬರುತ್ತೆ? ತಾರಸಿ ಸೋರುವುದಾದರೆ ಜುಲೈನಲ್ಲಿ ಸೋರಬೇಕಿತ್ತು, ಅಲ್ವಾ?

ಆದರೂ ಖಾತ್ರಿಯಾಗಲಿ ಅಂತ ಒಂದು ಸುಲಭದ ಪರೀಕ್ಷೆ ಮಾಡಿದೆ. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಒಂದು ಅಡಿ ಚೌಕಕ್ಕೆ ಕತ್ತರಿಸಿ, ಸೀಲಿಂಗನ್ನು ಬಟ್ಟೆಯಲ್ಲಿ ಒರೆಸಿ, ಹೇರ್ ಡ್ರೈಯರ್ ಹಿಡಿದು ಆರಿಸಿ, ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಹಾಕಿದೆ. ಕೆಳಗೊಂದು, ಮೇಲೊಂದು. ಎರಡು ದಿನ ಎಂದಿನಂತೆ ಎಲ್ಲರೂ ಸ್ನಾನ ಮಾಡಿದರು. ಮೂರನೇ ದಿನ ಬೆಳಗ್ಗೆ ಅತ್ತಿಗೆಯವರ ಸ್ನಾನ ಮುಗಿದ ಕೂಡಲೇ ಮೇಲೆ ಹೋಗಿ ನೋಡಿದೆ. ಹಾಳೆಯ ಹೊರಮೈಯಲ್ಲಿ ಸಾಸಿವೆ ಕಾಳಿನಷ್ಟು ಹನಿಗಳು ಒತ್ತೊತ್ತಾಗಿ ಕೂತಿದ್ದವು. ಟೇಪ್ ಬಿಡಿಸಿದರೆ ಹಿಂದಿನ ಗಾರೆ ಒಣಗಿಯೇ ಇತ್ತು. ಅಂದರೆ ನೀರು ಸ್ಲ್ಯಾಬಿನಿಂದ ಬಂದಿಲ್ಲ, ಬಚ್ಚಲಿನ ಹಬೆಯಿಂದ ಬಂದಿದೆ. ನಮ್ಮ ಬಚ್ಚಲಲ್ಲಿ ಇದು ಉಲ್ಟಾ ಆಗಿತ್ತು. ಹಾಳೆ ಮತ್ತು ಸ್ಲ್ಯಾಬಿನ ನಡುವೆ ನೀರು ಕಟ್ಟಿತ್ತು.

ಅತ್ತಿಗೆಯವರ ಕಡೆ ಆಗುತ್ತಿದ್ದುದು ಇಷ್ಟು. ತಾರಸಿ ರಾತ್ರಿಯಿಡೀ ಬಯಲಿಗೆ ಬಿದ್ದು ತಣ್ಣಗಾಗಿರುತ್ತದೆ. ಬೆಳಗ್ಗೆ ಆರು ಗಂಟೆಗೆ ನಾಲ್ಕು ಜನ ಒಬ್ಬರ ಹಿಂದೊಬ್ಬರು ಬಿಸಿನೀರಿನ ಸ್ನಾನ ಮಾಡುತ್ತಾರೆ. ಚಳಿ ಅಂತ ಕಿಟಕಿ ಮುಚ್ಚಿರುತ್ತದೆ. ಆ ಹಬೆ ತಣ್ಣನೆಯ ಸ್ಲ್ಯಾಬಿಗೆ ತಾಗಿ ನೀರಾಗುತ್ತದೆ. ಇದಕ್ಕೆ ಸೀಲಿಂಗ್ ಬದಲಿಸಿ ಏನೂ ಪ್ರಯೋಜನವಿಲ್ಲ. ಆರು ಇಂಚಿನ ಎಕ್ಸಾಸ್ಟ್ ಫ್ಯಾನನ್ನು ಸೀಲಿಂಗಿಗೆ ಹತ್ತಿರವಾಗಿ ಹೊರಗೋಡೆಗೆ ಕೂರಿಸಿದೆವು. ಬಾಗಿಲಿನ ಕೆಳಗೆ ಅರ್ಧ ಇಂಚು ಕೊಯ್ಯಿಸಿದೆವು. ಒಳಗೆ ಗಾಳಿ ಬರಲು ದಾರಿಯಿಲ್ಲದಿದ್ದರೆ ಫ್ಯಾನ್ ಎಳೆಯುವುದಾದರೂ ಏನನ್ನು? ಕೊನೆಯವರ ಸ್ನಾನವಾದ ಮೇಲೆ ಇಪ್ಪತ್ತು ನಿಮಿಷ ಫ್ಯಾನ್ ಓಡಬೇಕು ಅಂತ ನಿಯಮ ಮಾಡಿಕೊಂಡರು. ಹಳೆ ಬಣ್ಣ ಕೆರೆದು, ಬೂಷ್ಟು ತೊಳೆದು, ಪೂರ್ತಿ ಒಣಗಿಸಿ, ಸಿಮೆಂಟ್ ಪುಟ್ಟಿಯ ಮೇಲೆ ಬೂಷ್ಟು ತಡೆಯುವ ಬಣ್ಣ ಹೊಡೆಸಿದರು. ಬೂಷ್ಟು ತೊಳೆಯಲು ಬ್ಲೀಚ್ ಬಳಸುವುದಾದರೆ ಒಂದು ಎಚ್ಚರ: ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಅದನ್ನು ಯಾವತ್ತೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಅಲ್ಲಿ ಇವತ್ತಿಗೂ ಫಾಲ್ಸ್ ಸೀಲಿಂಗ್ ಇಲ್ಲ, ಬಣ್ಣವೂ ಎದ್ದಿಲ್ಲ.

ನಮ್ಮದು ನಿಜವಾದ ಸೋರಿಕೆ. ಎಲ್ಲಿಂದ ಅಂತ ಹುಡುಕಬೇಕಿತ್ತು. ಅಣ್ಣನ ಮನೆಯವರು ಮೂರು ದಿನ ಉಡುಪಿಗೆ ಹೋದಾಗ ಒದ್ದೆಯ ಗಡಿಯನ್ನು ಸ್ಲ್ಯಾಬಿನ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿ ತಾರೀಕು ಬರೆದಿಟ್ಟೆ. ಮೇಲಿನ ಟ್ಯಾಂಕಿನ ವಾಲ್ವ್ ತೆರೆದೇ ಇತ್ತು. ಮೂರು ದಿನದಲ್ಲಿ ಒದ್ದೆ ಗೆರೆಯಿಂದ ಒಳಕ್ಕೆ ಸರಿಯಿತು. ನಲ್ಲಿಗೆ ಹೋಗುವ ಪೈಪಿನಲ್ಲಿ ಸದಾ ನೀರಿನ ಒತ್ತಡ ಇರುತ್ತದೆ. ಅದು ಸೋರುತ್ತಿದ್ದರೆ ಯಾರಿರಲಿ ಬಿಡಲಿ ಒದ್ದೆ ಬೆಳೆಯುತ್ತಲೇ ಇರಬೇಕಿತ್ತು. ಹಾಗಾಗಿ ಉಳಿದಿದ್ದು ನೆಲ ಅಥವಾ ಚರಂಡಿ ಪೈಪು.

ಅವರು ವಾಪಸ್ ಬಂದ ಮೇಲೆ ಟ್ರ್ಯಾಪಿನ ಬಾಯಿಯನ್ನು ಪ್ಲಗ್ ಇಟ್ಟು ಮುಚ್ಚಿ, ಬಾಗಿಲಿಗೆ ಗಾರೆಯ ಸಣ್ಣ ಕಟ್ಟೆ ಕಟ್ಟಿ, ಅಡುಗೆಯ ಕೆಂಪು ಬಣ್ಣ ಕಲಸಿದ ನೀರನ್ನು ಎರಡು ಇಂಚು ನಿಲ್ಲಿಸಿದೆವು. ಆರು ಗಂಟೆ ಕಳೆಯುವಷ್ಟರಲ್ಲಿ ಕೆಳಗೆ ಸ್ಲ್ಯಾಬನ್ನು ತೂರಿ ಬರುವ ಪೈಪಿನ ಹೊರಮೈಯಲ್ಲಿ ಒಂದು ಗುಲಾಬಿ ಹನಿ ಇಳಿಯಿತು. ಪೈಪಿನ ಜಾಯಿಂಟ್ ಸರಿಯಾಗಿಯೇ ಇತ್ತು. ನೀರು ಪೈಪಿಗೂ ಕಾಂಕ್ರೀಟಿಗೂ ನಡುವಿನ ಸಂದಿಯಲ್ಲಿ ಇಳಿಯುತ್ತಿತ್ತು. ನುಣುಪಾದ ಪಿವಿಸಿ ಪೈಪಿಗೆ ಸಿಮೆಂಟ್ ಗಟ್ಟಿಯಾಗಿ ಹಿಡಿಯುವುದಿಲ್ಲ, ವರ್ಷ ಕಳೆದ ಹಾಗೆ ಕೂದಲಿನಷ್ಟು ಸಂದಿ ಬಿಡುತ್ತದೆ. ಇನ್ನೊಂದು ಮಾತು. ಕಾಂಕ್ರೀಟ್ ಬಣ್ಣವನ್ನು ಹೀರಿಕೊಳ್ಳಬಹುದು. ಬಣ್ಣ ಕಾಣಲಿಲ್ಲ ಅಂದ ಮಾತ್ರಕ್ಕೆ ಸೋರುತ್ತಿಲ್ಲ ಅಂತಲ್ಲ, ಒದ್ದೆ ಬೆಳೆಯಿತಾ ಅಂತಲೂ ನೋಡಬೇಕು.

ಮೇಲೆ ಟ್ರ್ಯಾಪಿನ ಸುತ್ತ ಎರಡು ಅಡಿ ಟೈಲ್ಸ್ ಒಡೆಸಿದೆವು. ಪೈಪನ್ನು ಉಜ್ಜು ಕಾಗದದಲ್ಲಿ ಒರಟು ಮಾಡಿ, ಸುತ್ತ ಕುಗ್ಗದ ಗ್ರೌಟ್ ತುಂಬಿ, ಮೇಲೆ ಎರಡು ಕೋಟ್ ವಾಟರ್‌ಪ್ರೂಫಿಂಗ್ ಹಚ್ಚಿದರು. ಟೈಲ್ಸ್ ಕೂರಿಸುವ ಮೊದಲು ಮತ್ತೆ 48 ಗಂಟೆ ನೀರು ನಿಲ್ಲಿಸಿದೆವು. ಕೆಲಸದವರಿಗೆ ಇದು ತಡ ಅನಿಸುತ್ತದೆ, ಆದರೆ ಬಿಡಬೇಡಿ. ಟೈಲ್ಸ್ ಹಾಕಿದ ಮೇಲೆ ಗೊತ್ತಾದರೆ ಮತ್ತೆ ಒಡೆಯುವುದೇ ಗತಿ. ಕೆಳಗಿನ ಸ್ಲ್ಯಾಬನ್ನು ಫೆಬ್ರವರಿಯಿಂದ ಏಪ್ರಿಲ್ ತನಕ ಬರಿದೇ ಬಿಟ್ಟು ಒಣಗಿಸಿದೆ. ತಟ್ಟಿದರೆ ಪೊಳ್ಳು ಸದ್ದು ಬರುತ್ತಿದ್ದ ಗಾರೆಯನ್ನಷ್ಟೇ ಕೆಡವಿ ಹೊಸದಾಗಿ ಹಚ್ಚಿಸಿದೆ. ಒಳಗಿನ ಕಂಬಿಗೆ ಮೇಲುಮೇಲಿನ ತುಕ್ಕು ಮಾತ್ರ ಹಿಡಿದಿತ್ತು. ತುಕ್ಕು ತಿಂದು ಕಂಬಿ ಸಣ್ಣಗಾಗಿದ್ದರೆ ಅದು ಮೇಸ್ತ್ರಿಯ ಕೆಲಸವಲ್ಲ, ಎಂಜಿನಿಯರನ್ನು ಕರೆಸಬೇಕು.

ಆಮೇಲೆ ಸೀಲಿಂಗ್. ನೀರು ತಡೆದುಕೊಳ್ಳುವ ಹಸಿರು ಜಿಪ್ಸಮ್ ಬೋರ್ಡ್ ಹಬೆಗೆ ಪರವಾಗಿಲ್ಲ, ಆದರೆ ಸೋರುವ ನೀರಿಗೆ ಅದೂ ಆಗುವುದಿಲ್ಲ. ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡ್ ಚೆನ್ನಾಗಿದೆ, ನೆನೆದರೂ ಜಿಪ್ಸಮ್ಮಿನ ಹಾಗೆ ಮೆತ್ತಗಾಗುವುದಿಲ್ಲ. ಆದರೆ ಅದಕ್ಕೆ ಬಣ್ಣ ಬೇಕು, ತೂಕವೂ ಇದೆ. ನಮಗೆ ಆಗಾಗ ಬಿಚ್ಚಿ ನೋಡುವ ಅನುಕೂಲ ಬೇಕಿತ್ತು, ಪಿವಿಸಿ ಆರಿಸಿಕೊಂಡೆ. ಹತ್ತು ಇಂಚು ಅಗಲ, 8 ಮಿಲಿಮೀಟರ್ ದಪ್ಪದ ಪಟ್ಟಿಗಳು, ಒಂದಕ್ಕೊಂದು ಸಿಕ್ಕಿಸುವಂಥವು. ಐದು ಅಡಿಗೆ ಏಳು ಅಡಿ ಬಚ್ಚಲು, ಚದರಡಿಗೆ 140 ರೂಪಾಯಿಯಂತೆ 4,900 ಆಯಿತು.

ನಾಲ್ಕು ವರ್ಷದಲ್ಲಿ ಪಟ್ಟಿಗಳು ಉಬ್ಬಿಲ್ಲ, ಬಣ್ಣದ ಗೋಳಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೊಸದರ ಹಾಗೆ ಕಾಣುತ್ತವೆ. ತೊಂದರೆಗಳು ಬಂದಿದ್ದು ಹಾಕಿದ ರೀತಿಯಿಂದ. ಕೆಲಸದವರು ಮಾಮೂಲಿ ಕಪ್ಪು ಸ್ಕ್ರೂ ಹೊಡೆದಿದ್ದರು. ಎರಡನೇ ವರ್ಷ ಅವು ತುಕ್ಕು ಹಿಡಿದು ಸಂದಿಯಿಂದ ಕಂದು ಗೆರೆ ಇಳಿಯಿತು. ಮತ್ತೆ ಸೋರುತ್ತಿದೆ ಅಂತ ಎದೆ ಧಸಕ್ಕೆಂದಿತು. ಎಲ್ಲವನ್ನೂ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಿಸಿದೆ. ಪಟ್ಟಿಗಳನ್ನು ಹಿಡಿದಿಡುವ ಚಾನೆಲ್‌ಗಳನ್ನು ಮೂರು ಅಡಿಗೊಂದು ಹಾಕಿದ್ದರಿಂದ ನಡುವೆ ಪಟ್ಟಿ ಜೋತಿತು, ಇನ್ನೊಂದು ಚಾನೆಲ್ ಸೇರಿಸಿದ ಮೇಲೆ ಸರಿಯಾಯಿತು. ಎರಡು ಅಡಿಗಿಂತ ದೂರ ಬಿಡಬಾರದು. ಫ್ಯಾನ್ ಹಾಕದ ದಿನ ಹನಿಗಳು ಪಿವಿಸಿ ಮೇಲೂ ಕಟ್ಟುತ್ತವೆ, ಬೆನ್ನಿಗೆ ತಣ್ಣಗೆ ಬೀಳುತ್ತವೆ. ಸಂದಿಗಳಲ್ಲಿ ಬೂಷ್ಟು ಬರುತ್ತದೆ, ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜುತ್ತೇನೆ.

ಪಿವಿಸಿಯ ದೊಡ್ಡ ದೋಷ ಬೇರೆಯದು. ಜಿಪ್ಸಮ್ ಕಲೆ ಬಿದ್ದಾದರೂ ಸೋರಿಕೆ ಇದೆ ಅಂತ ಹೇಳುತ್ತಿತ್ತು. ಪಿವಿಸಿ ಹೇಳುವುದಿಲ್ಲ. ಮೇಲೆ ಸ್ಲ್ಯಾಬ್ ನೆನೆದು ಕಂಬಿ ತುಕ್ಕು ಹಿಡಿಯುತ್ತಿದ್ದರೂ ಕೆಳಗೆ ಬೆಳ್ಳಗೆ ಹೊಳೆಯುತ್ತಲೇ ಇರುತ್ತದೆ. ಅದಕ್ಕೇ ಪೈಪುಗಳ ನೇರ ಕೆಳಗೆ ಒಂದೂವರೆ ಅಡಿ ಚೌಕದ ಬಾಗಿಲು ಬೇಕು ಅಂತ ಹಟ ಹಿಡಿದಿದ್ದೆ. "ಇದನ್ನ ಯಾರೂ ಕೇಳಲ್ಲ ಸಾರ್, ಅಂದ ಕೆಡುತ್ತೆ" ಅಂದರು ಕೆಲಸದವರು. ಮುನ್ನೂರು ರೂಪಾಯಿ ಜಾಸ್ತಿ ಕೊಟ್ಟು ಮಾಡಿಸಿದೆ.

2023ರ ಜುಲೈನಲ್ಲಿ ಆ ಬಾಗಿಲು ತೆಗೆದು ಮೊಬೈಲ್ ಟಾರ್ಚ್ ಹಿಡಿದಾಗ ಕಮೋಡ್ ಪೈಪಿನ ಬುಡದಲ್ಲಿ ಅಂಗೈಯಷ್ಟು ಒದ್ದೆ ಕಂಡಿತು. ಕೆಳಗಿನ ಪಟ್ಟಿಯಲ್ಲಿ ಸುಳಿವೇ ಇರಲಿಲ್ಲ. ಅದೇ ವಾರ ಪ್ಲಂಬರ್ ಬಂದು ಮೇಲೆ ಕಮೋಡ್ ಎತ್ತಿ, ಆ ಪೈಪಿನ ಸುತ್ತಲೂ ಅದೇ ಥರ ಗ್ರೌಟ್ ತುಂಬಿದರು. ಅರ್ಧ ದಿನದ ಕೆಲಸ. ಆ ಒದ್ದೆಯ ಸುತ್ತ ಗೀಚಿದ ಪೆನ್ಸಿಲ್ ಗೆರೆ, ಪಕ್ಕದಲ್ಲಿ ತಾರೀಕು, ಇನ್ನೂ ಅಲ್ಲೇ ಇವೆ. ಮೊನ್ನೆ ಭಾನುವಾರ ಸ್ಟೂಲ್ ಹತ್ತಿ ಗೆರೆಯ ಒಳಗೆ ಕೈಯಾಡಿಸಿದೆ. ಒಣ ಗಾರೆ, ಕೈಗೆ ಬರೀ ಧೂಳು ಅಂಟಿತು.