‘50000 ಎಂಎಎಚ್’ ಪವರ್ ಬ್ಯಾಂಕ್ ಆರ್ಡರ್ ಮಾಡುವ ಮುಂಚೆ ಅದರ ಫೋಟೋ ಸರಿಯಾಗಿ ನೋಡಿ

ಊರಲ್ಲಿರುವ ಅಪ್ಪ-ಅಮ್ಮನಿಗೋ ಚಿಕ್ಕಪ್ಪನಿಗೋ ಆನ್‌ಲೈನಲ್ಲಿ ಪವರ್ ಬ್ಯಾಂಕ್ ತರಿಸುವವರು ದಯವಿಟ್ಟು ಇದನ್ನು ಓದಿ. ಎಂಎಎಚ್ ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ. ₹649ಕ್ಕೆ 50000 ಎಂಎಎಚ್ ಅಂತ ಒಂದು ಕಪ್ಪು ಡಬ್ಬಿ ನಮ್ಮ ಮನೆಗೂ ಬಂತು. ಅದು ಮನೆಗೆ ಬೆಂಕಿ ಹಚ್ಚಲಿಲ್ಲ ಅನ್ನೋದೇ ಸಮಾಧಾನ.

ನಮ್ಮ ಚಿಕ್ಕಪ್ಪ ಇರುವುದು ಜಗಳೂರು ಕಡೆ. ಬೋರ್‌ವೆಲ್ ಮೋಟರನ್ನು ಮೊಬೈಲಿಂದಲೇ ಆನ್-ಆಫ್ ಮಾಡುತ್ತಾರೆ, ಹಾಗಾಗಿ ಕರೆಂಟ್ ಹೋದರೂ ಫೋನ್ ಸತ್ತುಹೋಗಬಾರದು. ಅದಕ್ಕೇ ಅವರ ಮಗ ಇದನ್ನು ತರಿಸಿಕೊಟ್ಟ. ಚಿಕ್ಕಪ್ಪ ಕೈಗೆ ತಗೊಂಡವರೇ, "ಲೇ, ಇದೇನಲೇ ಇಷ್ಟು ಹಗುರ ಐತಿ, ಖಾಲಿ ಡಬ್ಬಿ ಕಳಿಸ್ಯಾರೇನು?" ಅಂದರು. ಎಲ್ಲರೂ ನಕ್ಕೆವು. ಅವರು ಹೇಳಿದ್ದು ಮುಕ್ಕಾಲು ಪಾಲು ನಿಜ ಅಂತ ಆಮೇಲೆ ಗೊತ್ತಾಯಿತು.

ಅವರ ಫೋನಿನ ಬ್ಯಾಟರಿ 5000 ಎಂಎಎಚ್‌ದು. 50000 ಅಂದರೆ ಏಳೆಂಟು ಸಲವಾದರೂ ಫುಲ್ ಆಗಬೇಕು, ಅಲ್ವಾ? ಇದು ಶೇಕಡ 15ರಿಂದ 50ರ ಆಸುಪಾಸಿಗೆ ಏರಿಸಿ ಸತ್ತುಹೋಯಿತು. ಸರಿ, ಮೊದಲ ಸಲ ಪೂರ್ತಿ ಚಾರ್ಜ್ ಆಗಿರಲಿಕ್ಕಿಲ್ಲ ಅಂತ ರಾತ್ರಿ ಹಾಸಿಗೆ ಪಕ್ಕ ಚಾರ್ಜಿಗೆ ಹಾಕಿದ್ದಾರೆ. ನಡುರಾತ್ರಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದು ಚಿಕ್ಕಮ್ಮ ಎದ್ದರು. ಪೋರ್ಟ್ ಇರುವ ಕಡೆ ಡಬ್ಬಿ ಮೆತ್ತಗಾಗಿ ಸೊಟ್ಟಗಾಗಿತ್ತು. ಪಿನ್ ಕಿತ್ತು ಅಂಗಳಕ್ಕೆ ಎಸೆದರು. ಮಾರಿದವನನ್ನು ಕೇಳಿದರೆ "ಬಳಸಿದ ವಸ್ತು, ವಾಪಸ್ ಇಲ್ಲ" ಅಂತ ಒಂದೇ ಉತ್ತರ.

ನಾನು ಅದನ್ನು ದಾವಣಗೆರೆಗೆ ತಂದು, ಮೊಬೈಲ್ ರಿಪೇರಿ ಮಾಡುವ ಗೆಳೆಯನ ಟೇಬಲ್ ಮೇಲೆ ಇಟ್ಟೆ. ಅವನು ಬಿಚ್ಚುವ ಮುಂಚೆ ಮಾಡಿದ ಮೊದಲ ಕೆಲಸ ತೂಕ ಹಾಕಿದ್ದು. 172 ಗ್ರಾಂ. "ಬಿಚ್ಚೋದೇ ಬೇಡ ಬಿಡು, ಉತ್ತರ ಸಿಕ್ತು" ಅಂದ.

ಅವನ ಲೆಕ್ಕ ಹೀಗಿದೆ. ಇಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು 18650 ಅನ್ನುವ ಉದ್ದುದ್ದ ಸೆಲ್. ಆ ಹೆಸರಲ್ಲೇ ಅಳತೆ ಇದೆ, 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಒಳ್ಳೆ ಕಂಪನಿಯ ದುಬಾರಿ ಸೆಲ್ ತಗೊಂಡರೂ ಒಂದರಲ್ಲಿ ಸುಮಾರು 3500 ಎಂಎಎಚ್ ಇರುತ್ತದೆ, ತೂಕ 45ರಿಂದ 50 ಗ್ರಾಂ. ಹಾಗಾದರೆ 50000 ತುಂಬಿಸಲು ಅಂಥವು ಹದಿನೈದು ಬೇಕು. ಸೆಲ್‌ಗಳ ತೂಕವೇ 700 ಗ್ರಾಂ ಆಯಿತು, ಡಬ್ಬಿ ಮತ್ತು ಬೋರ್ಡ್ ಬೇರೆ. ನಮ್ಮ 172 ಗ್ರಾಂ ಡಬ್ಬಿಯಲ್ಲಿ ಪ್ಲಾಸ್ಟಿಕ್, ಬೋರ್ಡ್ ಕಳೆದರೆ ಎರಡು ಸೆಲ್‌ಗೆ ಜಾಗ, ತುಂಬಾ ಎಳೆದರೆ ಎರಡೂವರೆಗೆ! ಚಪ್ಪಟೆ ಪಾಲಿಮರ್ ಸೆಲ್ ಹಾಕಿದರೂ ಈ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ಒಳ್ಳೆಯ 10000ದ ಪವರ್ ಬ್ಯಾಂಕ್ 200 ಗ್ರಾಂ ಆಸುಪಾಸು ತೂಗುತ್ತದೆ, 20000ದ್ದು 350ರಿಂದ 450 ಗ್ರಾಂ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲವನ್ನು ತೂಕ ನೋಡದೆ ಯಾರೂ ತಗೊಳ್ಳುವುದಿಲ್ಲ, ಇದನ್ನು ಮಾತ್ರ ಮೇಲಿನ ಅಕ್ಷರ ನೋಡಿ ತಗೊಳ್ಳುತ್ತೇವೆ.

ತಮಾಷೆ ಅಂದರೆ, ಆ್ಯಪ್‌ನಲ್ಲಿ ಕೆಳಗೆ ವಿವರಗಳ ಪಟ್ಟಿಯಲ್ಲಿ ತೂಕ 180 ಗ್ರಾಂ ಅಂತ ಮಾರುವವನೇ ಹಾಕಿದ್ದ. ಮೇಲೆ 50000, ಕೆಳಗೆ 180 ಗ್ರಾಂ, ಎರಡೂ ಒಂದೇ ಪುಟದಲ್ಲಿ.

ಆದರೆ ಒಂದು ಮಾತು. ತೂಕ ಕಡಿಮೆ ಇದ್ದರೆ ಸುಳ್ಳು ಅಂತ ಖಚಿತ, ತೂಕ ಸರಿ ಇದೆ ಅಂದಮಾತ್ರಕ್ಕೆ ನಿಜ ಅಂತ ಅಲ್ಲ. ಒಳಗೆ ಮರಳಿನ ಪೊಟ್ಟಣ, ಕಬ್ಬಿಣದ ತುಂಡು ಅಂಟಿಸಿ ತೂಕ ಕೊಡುವವರೂ ಇದ್ದಾರೆ. ನಮ್ಮದರಲ್ಲೂ ಒಂದು ಸಣ್ಣ ಕಬ್ಬಿಣದ ಪಟ್ಟಿ ಗಮ್ ಹಾಕಿ ಕೂರಿಸಿತ್ತು, ಪಾಪ ಅಷ್ಟು ಮಾಡಿಯೂ 172!

ಒಳಗೆ ಸಿಕ್ಕಿದ್ದು ಎರಡೇ ಸೆಲ್. ಹೊಸ ನೀಲಿ ಕವರ್ ಸುಲಿದರೆ ಕೆಳಗೆ ಹಳೇ ಸೆಲ್, ತುದಿಯಲ್ಲಿ ಹಿಂದಿನ ವೆಲ್ಡಿಂಗ್ ಕಿತ್ತ ಗುರುತು. ಯಾವುದೋ ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಬಂದಿರಬೇಕು ಅಂತ ಗೆಳೆಯನ ಅಂದಾಜು. ಅವನ ಮೀಟರಿನಲ್ಲಿ ಒಂದೊಂದರಲ್ಲಿ 1400ರಷ್ಟು ಮಾತ್ರ ಉಳಿದಿತ್ತು. ಎರಡೂ ಸೇರಿ 2800. ಸೆಲ್‌ಗೂ ಬೋರ್ಡ್‌ಗೂ ನಡುವೆ ಪ್ರತ್ಯೇಕ ಪ್ರೊಟೆಕ್ಷನ್ ಸರ್ಕ್ಯೂಟ್ ಇರಲಿಲ್ಲ. ಹಳೇ ಸೆಲ್, ಕಾವಲಿಲ್ಲದ ಚಾರ್ಜಿಂಗ್, ಗಾಳಿ ಆಡದ ಹಾಸಿಗೆ, ಇನ್ನೇನು ಬೇಕು. ನೀವು ಮಾತ್ರ ಮನೆಯಲ್ಲಿ ಸ್ಕ್ರೂಡ್ರೈವರ್ ಹಾಕಿ ಬಿಚ್ಚಲು ಹೋಗಬೇಡಿ. ಸೆಲ್‌ಗೆ ತೂತಾದರೆ ಅಲ್ಲೇ ಹೊತ್ತಿಕೊಳ್ಳಬಹುದು.

ಈಗ ಮುಖ್ಯ ವಿಷಯ. ಆಮೇಲೆ ನಾವಿಬ್ಬರೂ ಕೂತು ಆ ಜಾಹೀರಾತಿನ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆವು. ವಸ್ತು ಕೈಗೆ ಬರುವ ಮುಂಚೆಯೇ ಎಲ್ಲ ಅಲ್ಲೇ ಕಾಣುತ್ತಿತ್ತು.

ಫೋಟೋದಲ್ಲಿ ವಸ್ತು ಎಷ್ಟು ದೊಡ್ಡದು ಅಂತ ತಿಳಿಯುವುದು ಹೇಗೆ? ಕೈಯಲ್ಲಿ ಹಿಡಿದ ಫೋಟೋ ನಂಬಬೇಡಿ, ಅದು ಕಂಪ್ಯೂಟರಲ್ಲಿ ಅಂಟಿಸಿದ್ದಿರಬಹುದು. ಪೋರ್ಟ್ ನೋಡಿ. ಹಳೇ ದೊಡ್ಡ ಯುಎಸ್‌ಬಿ ಪೋರ್ಟಿನ ಬಾಯಿ ಯಾವ ವಸ್ತುವಿನಲ್ಲೂ ಒಂದೇ ಅಳತೆ, ಅಗಲ ಸುಮಾರು ಒಂದೂಕಾಲು ಸೆಂಟಿಮೀಟರ್. ಟೈಪ್-ಸಿ ಆದರೆ 9 ಮಿ.ಮೀ. ಹತ್ತಿರ. ಅದನ್ನೇ ಸ್ಕೇಲ್ ಮಾಡಿಕೊಳ್ಳಿ. ನಮ್ಮ ಫೋಟೋದಲ್ಲಿ ಡಬ್ಬಿಯ ಅಗಲ ಪೋರ್ಟಿನ ಐದೂವರೆ ಪಟ್ಟು ಇತ್ತು, ಅಂದರೆ 7 ಸೆಂ.ಮೀ.ಗೆ ಸ್ವಲ್ಪ ಕಡಿಮೆ. ಉದ್ದ ಅಗಲದ ಎರಡರಷ್ಟು, ಸುಮಾರು 14 ಸೆಂ.ಮೀ. ದಪ್ಪ ಎರಡು ಸೆಂ.ಮೀ. ಮೇಲೆ ಚೂರು. ಸೆಲ್ಲೇ 18 ಮಿ.ಮೀ. ದಪ್ಪ ಇರುವಾಗ ಇಷ್ಟು ತೆಳ್ಳಗಿನ ಡಬ್ಬಿಯಲ್ಲಿ ಒಂದೇ ಪದರ ಕೂರುತ್ತದೆ. ಅಗಲಕ್ಕೆ ಮೂರು, ಉದ್ದಕ್ಕೆ ಎರಡು, ಒಟ್ಟು ಆರು. ಬೋರ್ಡಿಗೆ ಜಾಗ ಬಿಡದೆ ಪೂರ್ತಿ ತುರುಕಿದರೂ 21000 ದಾಟುವುದಿಲ್ಲ. ಹೀಗೆ ಬರೀ ಫೋಟೋ ನೋಡಿಯೇ 50000 ಬಿದ್ದುಹೋಯಿತು. ಉಳಿದದ್ದನ್ನು ತೂಕ ಬೀಳಿಸಿತು.

ಇನ್ನು ಮೇಲಿನ ಅಚ್ಚು. ಎಂಎಎಚ್ ದೊಡ್ಡ ಅಕ್ಷರದಲ್ಲಿ ಎಲ್ಲರೂ ಹಾಕುತ್ತಾರೆ. ನೀವು ಹುಡುಕಬೇಕಾದ್ದು ಹಿಂಬದಿಯ ಸಣ್ಣ ಅಕ್ಷರದ ವ್ಯಾಟ್-ಅವರ್, ಅಂದರೆ ಒಳಗಿರುವ ಒಟ್ಟು ಶಕ್ತಿಯ ಅಳತೆ, ಮತ್ತು ರೇಟೆಡ್ ಕೆಪ್ಯಾಸಿಟಿ. ವ್ಯಾಟ್-ಅವರ್ ಲೆಕ್ಕ ಸುಲಭ, ಎಂಎಎಚ್ ಅನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿ. 10000 ಆದರೆ 37, 20000 ಆದರೆ 74. ಸೆಲ್‌ನ ವೋಲ್ಟೇಜ್ 3.85 ಅಂತ ಲೇಬಲ್ಲಲ್ಲೇ ಇದ್ದರೆ ಅದರಿಂದ ಗುಣಿಸಿ, ಸ್ವಲ್ಪ ಹೆಚ್ಚು ಬರುತ್ತದೆ. 20000 ಅಂತ ಬರೆದು ಪಕ್ಕದಲ್ಲಿ 37 ಅಂತ ಇದ್ದರೆ ಬರೆದವನಿಗೇ ಲೆಕ್ಕ ಗೊತ್ತಿಲ್ಲ, ಅಥವಾ ಲೇಬಲ್ ಬೇರೆ ವಸ್ತುವಿನದು. ನಮ್ಮ 50000 ನಿಜವೇ ಆಗಿದ್ದರೆ 185 ವ್ಯಾಟ್-ಅವರ್ ಆಗಬೇಕಿತ್ತು. ವಿಮಾನದಲ್ಲಿ 100ರವರೆಗೆ ಮಾತ್ರ ಸಲೀಸಾಗಿ ಬಿಡುತ್ತಾರೆ, 160 ದಾಟಿದರೆ ಹತ್ತಿಸುವುದೇ ಇಲ್ಲ. ಆದರೂ ಜಾಹೀರಾತಲ್ಲಿ ವಿಮಾನದ ಚಿತ್ರ ಹಾಕಿ ‘ಪ್ರಯಾಣಕ್ಕೆ ಸೂಕ್ತ’ ಅಂತ ಬರೆದಿದ್ದರು!

ರೇಟೆಡ್ ಕೆಪ್ಯಾಸಿಟಿ ಬಗ್ಗೆ ಜನರಿಗೆ ಉಲ್ಟಾ ಅನುಮಾನ. 10000ದ ಪವರ್ ಬ್ಯಾಂಕಿನ ಹಿಂದೆ 6000 ಅಂತ ನೋಡಿ "ಇವನು ಮೋಸಗಾರ" ಅನ್ನುತ್ತಾರೆ. ಅಲ್ಲ ಮಾರಾಯ್ರೆ, ಸೆಲ್ ಇರುವುದು 3.7 ವೋಲ್ಟ್, ಹೊರಗೆ ಕೊಡಬೇಕಾದ್ದು 5 ವೋಲ್ಟ್. ಅದನ್ನು ಏರಿಸುವಾಗ ಎಂಎಎಚ್ ಕಡಿಮೆಯಾಗುತ್ತದೆ, ಒಂದಿಷ್ಟು ಬಿಸಿಯಾಗಿಯೂ ಹೋಗುತ್ತದೆ. 60ರಿಂದ 65ರಷ್ಟು ಶೇಕಡ ಕೈಗೆ ಸಿಕ್ಕರೆ ಅದು ಸಹಜ. ಆ ಸಣ್ಣ ಅಂಕಿ ಬರೆದವನೇ ಪ್ರಾಮಾಣಿಕ. ನಮ್ಮ ಡಬ್ಬಿಯಲ್ಲಿ ಆ ಸಾಲೇ ಇರಲಿಲ್ಲ. ಇದ್ದದ್ದರಲ್ಲಿ ‘Li-ion’ ಬದಲು ‘Li-lon’ ಅಂತ ಅಚ್ಚಾಗಿತ್ತು, ಝೂಮ್ ಮಾಡಿದರೆ ಚೆನ್ನಾಗಿ ಕಾಣುತ್ತದೆ.

ಕೊನೆಗೆ ಸರ್ಕಾರಿ ಗುರುತು. ಭಾರತದಲ್ಲಿ ಪವರ್ ಬ್ಯಾಂಕ್ ಮಾರಲು ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್ ನೋಂದಣಿ ಕಡ್ಡಾಯ. ಬಿಐಎಸ್ ಗುರುತಿನ ಜೊತೆ IS 13252 ಅನ್ನುವ ಸಂಖ್ಯೆ ಮತ್ತು R- ಅಂತ ಶುರುವಾಗುವ ಎಂಟು ಅಂಕಿಯ ನಂಬರ್ ಇರಬೇಕು. ನಮ್ಮ ಫೋಟೋದಲ್ಲಿ ಇದ್ದದ್ದು CE, FCC, RoHS, ಮೇಲೆ ಗೀಟು ಹಾಕಿದ ಕಸದ ಡಬ್ಬಿ. ನೋಡಲು ಸಾಲಾಗಿ ಭರ್ಜರಿ. ಇವು ಯಾವುವೂ ನಮ್ಮ ನೋಂದಣಿಯ ಬದಲಿಗೆ ನಡೆಯುವುದಿಲ್ಲ. ಕೆಲವರು ಐಎಸ್ಐ ಗುರುತು ಹಾಕಿರುತ್ತಾರೆ, ಅದೂ ಅನುಮಾನಕ್ಕೆ ಕಾರಣವೇ, ಯಾಕೆಂದರೆ ಪವರ್ ಬ್ಯಾಂಕಿಗೆ ಕೊಡುವುದು R ನಂಬರ್.

ನಂಬರ್ ಇದ್ದರೂ ಅಲ್ಲಿಗೆ ಬಿಡಬೇಡಿ. ಬಿಐಎಸ್ ಕೇರ್ ಅನ್ನುವ ಉಚಿತ ಆ್ಯಪ್‌ನಲ್ಲಿ R ನಂಬರ್ ಹಾಕಿದರೆ ಯಾವ ತಯಾರಕ, ಯಾವ ಬ್ರ್ಯಾಂಡ್, ಯಾವ ವಸ್ತು ಅಂತ ತೋರಿಸುತ್ತದೆ. ಬೇರೆ ಯಾರದೋ ನಂಬರ್ ಕದ್ದು ಅಚ್ಚು ಹಾಕುವವರಿದ್ದಾರೆ. ಇನ್ನೊಂದು ಆಟ, ಒಳಗಿನ ಸೆಲ್‌ನ ನಂಬರನ್ನು ಪೂರ್ತಿ ಪವರ್ ಬ್ಯಾಂಕಿನದು ಅನ್ನುವಂತೆ ತೋರಿಸುವುದು. ಸೆಲ್‌ಗೆ ಇರುವುದು IS 16046, ಅದು ಬೇರೆ ನೋಂದಣಿ. ಹಿಂಬದಿಯ ಫೋಟೋನೇ ಹಾಕಿಲ್ಲ, ಅಥವಾ ಹಾಕಿದ್ದು ಓದಲಾಗದಷ್ಟು ಮಸುಕು ಅಂದರೆ ಮಾರುವವನಿಗೆ ಮೆಸೇಜ್ ಮಾಡಿ R ನಂಬರ್ ಕೇಳಿ. ನಾವು ಸುಮ್ನೆ ಕೇಳಿ ನೋಡಿದೆವು. "100% ಒರಿಜಿನಲ್ ಸರ್" ಅಂತ ಬಂತು. ನಂಬರ್ ಬರಲಿಲ್ಲ.

ಈಗಾಗಲೇ ತಗೊಂಡುಬಿಟ್ಟಿದ್ದರೆ ಬಳಸುವ ಮುಂಚೆ ಕಿರಾಣಿ ಅಂಗಡಿಯ ತಕ್ಕಡಿ ಮೇಲಿಟ್ಟು ಅಂಕಿ ಕಾಣುವಂತೆ ಫೋಟೋ ತೆಗೆಯಿರಿ. ಜಾಹೀರಾತಿನ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಆಮೇಲೆ ಅದನ್ನು ಬದಲಿಸುತ್ತಾರೆ. ನಮ್ಮ ಪುಟ ಈಗ 20000 ಆಗಿದೆ, ಫೋಟೋ ಮಾತ್ರ ಅದೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಇದನ್ನೆಲ್ಲ ಕೊಟ್ಟು ದೂರು ಹಾಕಿದ್ದೇವೆ. ಬಿಐಎಸ್ ಕೇರ್ ಆ್ಯಪ್‌ನಲ್ಲೂ ದೂರು ಕೊಡಲು ಜಾಗ ಇದೆ.

ಹೊಲಕ್ಕೆ ರಾತ್ರಿ ನೀರು ಕಟ್ಟಲು ತಲೆಗೆ ಹಾಕುವ ಟಾರ್ಚ್ ಬಳಸುವವರಿಗೂ ಇದೇ ಲೆಕ್ಕ. ಅದರ ಬಿಡಿ ಸೆಲ್ ಸಂತೆಯಲ್ಲೂ ಸಿಗುತ್ತದೆ, ಆನ್‌ಲೈನಲ್ಲೂ ಸಿಗುತ್ತದೆ, ಮೇಲೆ 9900 ಎಂಎಎಚ್ ಅಂತ ಬರೆದಿರುತ್ತದೆ. 18650 ಅಳತೆಯ ಸೆಲ್‌ನಲ್ಲಿ 9900 ಹಿಡಿಯುವುದೇ ಇಲ್ಲ. ಕೈಯಲ್ಲಿ ಹಿಡಿದು 30 ಗ್ರಾಂ ಆಸುಪಾಸು ಅನ್ನಿಸಿದರೆ ಅಲ್ಲೇ ವಾಪಸ್ ಇಡಿ. 2600 ಅಂತ ಬರೆದ, 45 ಗ್ರಾಂ ತೂಗುವ ಸೆಲ್ ಪಕ್ಕದಲ್ಲೇ ಇದ್ದರೆ ಅದನ್ನು ತಗೊಳ್ಳಿ, ಬೆಲೆ ಜಾಸ್ತಿಯಾದರೂ ಪರವಾಗಿಲ್ಲ.