ನಕ್ಷತ್ರದಾಕಾರದ ಲ್ಯೂಮೆನ್ ಕಂಡರೆ ಎಪಿಥೀಲಿಯಂ ಮೊದಲಾ, ಸ್ನಾಯು ಮೊದಲಾ?

ಹಿಸ್ಟಾಲಜಿ ಸ್ಲೈಡ್ ಗುರುತಿಸುವವರಲ್ಲಿ ಎರಡು ಬಣ ಇದೆ. ಒಂದು ಬಣ ಸ್ಲೈಡ್ ಇಟ್ಟ ಕೂಡಲೇ 40ಎಕ್ಸ್‌ಗೆ ತಿರುಗಿಸಿ ಎಪಿಥೀಲಿಯಂ ಯಾವುದು ಅಂತ ಹುಡುಕುತ್ತದೆ. ಇನ್ನೊಂದು ಬಣ 4ಎಕ್ಸ್‌ನಲ್ಲೇ ನಿಂತು ಗೋಡೆ ಎಷ್ಟು ದಪ್ಪ, ಸ್ನಾಯು ಹೇಗಿದೆ, ಲ್ಯೂಮೆನ್ ಯಾವ ಆಕಾರ ಅಂತ ನೋಡುತ್ತದೆ. ಮಡಿಕೇರಿಯಲ್ಲಿ ಎಂಬಿಬಿಎಸ್ ಮೊದಲ ವರ್ಷದಲ್ಲಿದ್ದಾಗ ಎರಡನ್ನೂ ಅವೇ ಸ್ಲೈಡ್‌ಗಳ ಮೇಲೆ ಬೇರೆ ಬೇರೆಯಾಗಿ ಮಾಡಿ ನೋಡಿದೆ. ಕನೆಕ್ಟಿವ್ ಟಿಶ್ಯೂ ಜೀವಕೋಶಗಳಿಂದಲೇ ಅಂಗ ಹೇಳಬಹುದಾ ಅಂತ ಮೂರನೇ ದಾರಿಯನ್ನೂ ನೋಡಿದೆ. ಎಲ್ಲ ಅಂಗಗಳನ್ನೂ ಇಲ್ಲಿ ಹೇಳುವುದಿಲ್ಲ. ಜಾಸ್ತಿ ಜನ ತಪ್ಪುವ ಒಂದೇ ಗುಂಪು ತೆಗೆದುಕೊಳ್ಳುತ್ತೇನೆ: ಯುರೇಟರ್, ವಾಸ್ ಡೆಫರೆನ್ಸ್, ಫೆಲೋಪಿಯನ್ ಟ್ಯೂಬ್. ಮೂರೂ ಸಣ್ಣ ಕೊಳವೆಗಳು, ಮೂರರಲ್ಲೂ ಒಳಪದರ ಮಡಚಿಕೊಂಡಿರುತ್ತದೆ, ಆದ್ದರಿಂದ ಮೊದಲ ನೋಟಕ್ಕೆ ಒಂದೇ ಥರ.

ಮೊದಲು ಎಪಿಥೀಲಿಯಂ ದಾರಿ. ಪುಸ್ತಕದ ಪ್ರಕಾರ ಇದರಷ್ಟು ಖಚಿತವಾದದ್ದು ಇನ್ನೊಂದಿಲ್ಲ. ಯುರೇಟರ್‌ನಲ್ಲಿ ಟ್ರಾನ್ಸಿಷನಲ್ ಎಪಿಥೀಲಿಯಂ. ನಾಲ್ಕೈದು ಪದರ, ಎಲ್ಲಕ್ಕಿಂತ ಮೇಲೆ ಉಬ್ಬಿದ ದೊಡ್ಡ ಅಂಬ್ರೆಲ್ಲಾ ಕೋಶಗಳು, ಅವುಗಳಲ್ಲಿ ಕೆಲವಕ್ಕೆ ಎರಡು ನ್ಯೂಕ್ಲಿಯಸ್. ವಾಸ್ ಡೆಫರೆನ್ಸ್‌ನಲ್ಲಿ ಸ್ಯೂಡೋಸ್ಟ್ರಾಟಿಫೈಡ್ ಕಾಲಮ್ನಾರ್, ತುದಿಯಲ್ಲಿ ಉದ್ದ ಸ್ಟೀರಿಯೋಸಿಲಿಯಾ. ಫೆಲೋಪಿಯನ್ ಟ್ಯೂಬ್‌ನಲ್ಲಿ ಒಂದೇ ಪದರದ ಕಾಲಮ್ನಾರ್, ಸಿಲಿಯಾ ಇರುವ ಕೋಶಗಳ ನಡುವೆ ಸಿಲಿಯಾ ಇಲ್ಲದ ಪೆಗ್ ಕೋಶಗಳು. ಇಷ್ಟು ಕಂಡರೆ ಮುಗಿಯಿತು, ಬೇರೆ ಏನೂ ನೋಡಬೇಕಿಲ್ಲ.

ಆದರೆ ಕಾಣಬೇಕಲ್ಲ! ಕಾಲೇಜಿನ ಹಳೇ ಸ್ಲೈಡ್‌ಗಳಲ್ಲಿ ಎಷ್ಟೋ ಸಲ ಮೇಲಿನ ಪದರವೇ ಕಿತ್ತುಹೋಗಿರುತ್ತದೆ, ಯಾಕೆಂದರೆ ಅಂಗಾಂಶವನ್ನು ಫಾರ್ಮಲಿನ್‌ಗೆ ಹಾಕಲು ತಡವಾದರೆ ಮೊದಲು ಹಾಳಾಗುವುದೇ ಎಪಿಥೀಲಿಯಂ. ಎರಡನೇ ತೊಂದರೆ ಓರೆ ಕಟ್. ಮಡಿಕೆಗಳು ಜಾಸ್ತಿ ಇರುವ ಫೆಲೋಪಿಯನ್ ಟ್ಯೂಬ್‌ನಲ್ಲಿ ಬ್ಲೇಡ್ ಓರೆಯಾಗಿ ಹೋದರೆ ಒಂದೇ ಪದರದ ನ್ಯೂಕ್ಲಿಯಸ್‌ಗಳು ಮೂರ್ನಾಲ್ಕು ಸಾಲಾಗಿ ಕಾಣುತ್ತವೆ, ನೋಡಿದವರು ಸ್ಯೂಡೋಸ್ಟ್ರಾಟಿಫೈಡ್ ಅಂತ ಬರೆದುಬಿಡುತ್ತಾರೆ. ಇದನ್ನು ಪತ್ತೆ ಮಾಡುವುದು ಸುಲಭ: ಅದೇ ಸ್ಲೈಡ್‌ನಲ್ಲಿ ಸರಿಸುತ್ತಾ ಹೋಗಿ, ಎಲ್ಲಿ ಎಪಿಥೀಲಿಯಂ ಅತಿ ತೆಳುವಾಗಿ ಕಾಣುತ್ತದೋ ಅಲ್ಲಿಯ ಸಾಲುಗಳನ್ನು ಮಾತ್ರ ನಂಬಿ. ದಪ್ಪ ಕಾಣುವ ಜಾಗ ಓರೆ ಕಟ್ ಇರಬಹುದು, ತೆಳು ಜಾಗ ಸಾಮಾನ್ಯವಾಗಿ ನೇರ ಕಟ್.

ಇನ್ನೊಂದು ತೊಂದರೆ ನಮ್ಮ ಊರಿನದೇ. ಜುಲೈ ಮಳೆಯಲ್ಲಿ ಕರೆಂಟ್ ಹೋದರೆ ಕನ್ನಡಿ ಇರುವ ಮೈಕ್ರೋಸ್ಕೋಪನ್ನು ಕಿಟಕಿಗೆ ತಿರುಗಿಸಿ ನೋಡಬೇಕು, ಆ ಬೂದು ಬೆಳಕು 4ಎಕ್ಸ್‌ಗೆ ಸಾಕು, 40ಎಕ್ಸ್‌ಗೆ ಸಾಲದು. ಥಂಡಿಗೆ ಲೆನ್ಸ್‌ನಲ್ಲಿ ಫಂಗಸ್ ಕೂತಿದ್ದರಂತೂ ಸ್ಟೀರಿಯೋಸಿಲಿಯಾ ಬರೀ ಮಸುಕು ಗುಲಾಬಿ ಗೆರೆ, ಅದು ಸಿಲಿಯಾನೋ ಲ್ಯೂಮೆನ್‌ನಲ್ಲಿ ಅಂಟಿದ ಮ್ಯೂಕಸ್ಸೋ ಹೇಳಲಾಗುವುದಿಲ್ಲ.

ಈಗ ಸ್ನಾಯು ದಾರಿ. ಸೀನಿಯರ್ ಅಕ್ಕ ಒಬ್ಬರು "ಮೊದಲು ಗೋಡೆ ನೋಡು, ಆಮೇಲೆ ಒಳಗೆ ಹೋಗು" ಅನ್ನುತ್ತಿದ್ದರು. ಮಾಡಿ ನೋಡಿದ ಮೇಲೆ ನಾನೂ ಅದನ್ನೇ ಹೇಳುತ್ತೇನೆ. ವಾಸ್ ಡೆಫರೆನ್ಸ್‌ನಲ್ಲಿ ಸ್ನಾಯು ಎಷ್ಟು ದಪ್ಪ ಅಂದರೆ ಇಡೀ ಸ್ಲೈಡ್ ಸ್ನಾಯುವೇ ಅನ್ನಿಸುತ್ತದೆ, ನಡುವೆ ಚಿಕ್ಕದೊಂದು ಲ್ಯೂಮೆನ್. ಫೆಲೋಪಿಯನ್ ಟ್ಯೂಬ್‌ನ ಆಂಪುಲಾ ಭಾಗದಲ್ಲಿ ಉಲ್ಟಾ: ಸ್ನಾಯು ತೆಳು, ಕವಲೊಡೆದ ಮಡಿಕೆಗಳು ಲ್ಯೂಮೆನ್ ತುಂಬಾ ಹಬ್ಬಿರುತ್ತವೆ. ಯುರೇಟರ್ ಇವೆರಡರ ನಡುವೆ. ನಕ್ಷತ್ರದಾಕಾರದ ಲ್ಯೂಮೆನ್, ಮಧ್ಯಮ ದಪ್ಪದ ಸ್ನಾಯು, ಹೊರಗೆ ಅಡ್ವೆಂಟೀಷಿಯಾದಲ್ಲಿ ಕೊಬ್ಬು.

ದಪ್ಪ ಮಾತ್ರ ನೋಡಿದರೆ ಸಾಲದು, ಪದರಗಳ ಕ್ರಮ ನೋಡಬೇಕು. ಕೊಳವೆಯನ್ನು ಅಡ್ಡ ಕತ್ತರಿಸಿದಾಗ ವೃತ್ತಾಕಾರದ ಸ್ನಾಯುವಿನ ಎಳೆಗಳು ಉದ್ದಕ್ಕೆ ಸಿಗುತ್ತವೆ, ಅವುಗಳ ನ್ಯೂಕ್ಲಿಯಸ್ ಉದ್ದ ಕಡ್ಡಿಯಾಗಿ ಕಾಣುತ್ತದೆ. ಉದ್ದಕ್ಕೆ ಹೋಗುವ ಸ್ನಾಯು ಅಡ್ಡ ಕತ್ತರಿಸಲ್ಪಟ್ಟು ಚುಕ್ಕಿ ಚುಕ್ಕಿಯಾಗುತ್ತದೆ. ಇದನ್ನು 10ಎಕ್ಸ್‌ನಲ್ಲೇ ನೋಡಬಹುದು. ಕರುಳಿನಲ್ಲಿ ಒಳಗೆ ಕಡ್ಡಿ, ಹೊರಗೆ ಚುಕ್ಕಿ. ಯುರೇಟರ್‌ನ ಮೇಲಿನ ಭಾಗದಲ್ಲಿ ಅದು ತಿರುಗಿಬಿಡುತ್ತದೆ: ಒಳಗೆ ಚುಕ್ಕಿ, ಹೊರಗೆ ಕಡ್ಡಿ. ಕೆಳಗಿನ ಮೂರನೇ ಒಂದು ಭಾಗಕ್ಕೆ ಬಂದರೆ ಹೊರಗೆ ಇನ್ನೊಂದು ಉದ್ದ ಪದರ ಸೇರಿಕೊಳ್ಳುತ್ತದೆ, ಆಗ ಚುಕ್ಕಿ, ಕಡ್ಡಿ, ಚುಕ್ಕಿ. ವಾಸ್ ಡೆಫರೆನ್ಸ್‌ನದೂ ಇದೇ ಮೂರು ಪದರದ ಕ್ರಮ.

ಈ ದಾರಿ ಸೋಲುವುದು ಅಲ್ಲೇ. ಒಂದು ಸ್ಲೈಡ್ ಬಂತು ಅಂದುಕೊಳ್ಳಿ. 4ಎಕ್ಸ್‌ನಲ್ಲಿ ಮಡಚಿದ ಲ್ಯೂಮೆನ್, ಸ್ನಾಯು ಸಾಕಷ್ಟು ದಪ್ಪ. 10ಎಕ್ಸ್‌ನಲ್ಲಿ ಚುಕ್ಕಿ, ಕಡ್ಡಿ, ಚುಕ್ಕಿ. ಅಂದರೆ ಕೆಳಗಿನ ಯುರೇಟರ್ ಅಥವಾ ವಾಸ್. ಫೆಲೋಪಿಯನ್ ಟ್ಯೂಬ್ ಇಲ್ಲಿಗೆ ಪಟ್ಟಿಯಿಂದ ಹೊರಗೆ, ಅದರಲ್ಲಿ ಮುಖ್ಯವಾಗಿ ಒಳಗೆ ವೃತ್ತಾಕಾರ, ಹೊರಗೆ ಉದ್ದ, ಮೇಲೆ ಸಿರೋಸಾ ಇರುತ್ತದೆ. ಈಗ ಸ್ನಾಯು ಕಟ್ಟುಗಳ ನಡುವೆ ನೋಡಿ. ಯುರೇಟರ್‌ನಲ್ಲಿ ಕಟ್ಟುಗಳ ಮಧ್ಯೆ ಕನೆಕ್ಟಿವ್ ಟಿಶ್ಯೂ ಜಾಸ್ತಿ, ಪದರಗಳು ಸಡಿಲ. ವಾಸ್‌ನಲ್ಲಿ ಒತ್ತೊತ್ತಾಗಿ ಗಟ್ಟಿಯಾಗಿರುತ್ತವೆ. ಕೊನೆಗೆ 40ಎಕ್ಸ್‌ಗೆ ಹೋಗಿ ಎಪಿಥೀಲಿಯಂನ ಮೇಲಂಚು ಮಾತ್ರ ನೋಡಿದರೆ ಸಾಕು: ಉಬ್ಬಿದ ಕೋಶಗಳಿದ್ದರೆ ಯುರೇಟರ್, ಉದ್ದ ಕುಂಚದಂಥ ಅಂಚಿದ್ದರೆ ವಾಸ್. ಇಡೀ ಎಪಿಥೀಲಿಯಂ ಓದುವುದಕ್ಕೂ ಎರಡರಲ್ಲಿ ಯಾವುದು ಅಂತ ಮಾತ್ರ ಕೇಳುವುದಕ್ಕೂ ತುಂಬಾ ವ್ಯತ್ಯಾಸ ಇದೆ, ಮಸುಕು ಬೆಳಕಿನಲ್ಲೂ ಎರಡನೆಯದು ಸಾಧ್ಯ.

ಕನೆಕ್ಟಿವ್ ಟಿಶ್ಯೂ ಕೋಶಗಳ ದಾರಿ ಈ ಗುಂಪಿಗೆ ಉಪಯೋಗಕ್ಕೆ ಬರಲಿಲ್ಲ. ಫೈಬ್ರೋಬ್ಲಾಸ್ಟ್ ಎಲ್ಲ ಕಡೆ ಇರುತ್ತದೆ. ಕೊಬ್ಬಿನ ಕೋಶ ಸುಲಭವಾಗಿ ಕಾಣುತ್ತದೆ, ಕೊಬ್ಬು ಸ್ಲೈಡ್ ಮಾಡುವಾಗ ಕರಗಿಹೋಗಿ ಖಾಲಿ ಜಾಗ, ಅಂಚಿನಲ್ಲಿ ಒತ್ತಿದ ನ್ಯೂಕ್ಲಿಯಸ್, ಆದರೆ ಅದು ಅಂಗ ಯಾವುದೆಂದು ಹೇಳುವುದಿಲ್ಲ. ಮಾಸ್ಟ್ ಕೋಶ ಸಾಮಾನ್ಯ ಹೆಚ್ ಅಂಡ್ ಇ ಬಣ್ಣದಲ್ಲಿ ತಪ್ಪಿಸಿಕೊಳ್ಳುತ್ತದೆ, ಟೊಲ್ಯೂಡಿನ್ ಬ್ಲೂ ಹಾಕಿದರೆ ಕಣಗಳು ನೇರಳೆಯಾಗಿ ಎದ್ದು ಕಾಣುತ್ತವೆ. ಪ್ಲಾಸ್ಮಾ ಕೋಶ ಮಾತ್ರ ಒಂದು ಕಡೆ ಕೆಲಸಕ್ಕೆ ಬಂತು. ಒಂದು ಬದಿಗೆ ಸರಿದ ನ್ಯೂಕ್ಲಿಯಸ್, ಗಡಿಯಾರದ ಮುಖದಂತೆ ಹಂಚಿದ ಕ್ರೋಮ್ಯಾಟಿನ್, ಪಕ್ಕದಲ್ಲಿ ಗಾಲ್ಜಿ ಇರುವ ತಿಳಿ ಜಾಗ. ಇಂಥವು ಲ್ಯಾಮಿನಾ ಪ್ರೊಪ್ರಿಯಾದಲ್ಲಿ ತುಂಬಿಕೊಂಡಿದ್ದರೆ ಕರುಳಿನ ಕಡೆ ಯೋಚಿಸಿ. ಆರೋಗ್ಯವಂತ ಯುರೇಟರ್‌ನಲ್ಲಿ ಅಷ್ಟು ಸಿಗುವುದಿಲ್ಲ.

ಬಹು ಆಯ್ಕೆ ಪ್ರಶ್ನೆಯಲ್ಲಿ ಮಾತ್ರ ನನ್ನ ಆಯ್ಕೆ ಬದಲಾಗುತ್ತದೆ. ಅಲ್ಲಿ ಚಿತ್ರವಿಲ್ಲದೆ "ಸ್ಯೂಡೋಸ್ಟ್ರಾಟಿಫೈಡ್ ಎಪಿಥೀಲಿಯಂ, ಸ್ಟೀರಿಯೋಸಿಲಿಯಾ" ಅಂತ ಬರೆದೇ ಕೊಟ್ಟಿರುತ್ತಾರೆ, ಎಪಿಥೀಲಿಯಂನಿಂದಲೇ ಶುರು ಮಾಡುವುದು ವೇಗ. ಆದರೆ ಆಯ್ಕೆಗಳಲ್ಲಿ ವಾಸ್ ಪಕ್ಕದಲ್ಲಿ ಎಪಿಡಿಡಿಮಿಸ್ ಇದೆಯಾ ನೋಡಿ, ಅದರ ಎಪಿಥೀಲಿಯಂ ಕೂಡ ಹೀಗೇ. ಮುಂದಿನ ಸಾಲಿನಲ್ಲಿ ಮೂರು ಪದರದ ದಪ್ಪ ಸ್ನಾಯು ಅಂದರೆ ವಾಸ್. ಸುತ್ತ ತೆಳು ಸ್ನಾಯು, ಒಂದೇ ಸ್ಲೈಡ್‌ನಲ್ಲಿ ಹಲವು ದುಂಡು ಲ್ಯೂಮೆನ್, ಒಳಗೆ ವೀರ್ಯಾಣುಗಳು ಅಂದರೆ ಎಪಿಡಿಡಿಮಿಸ್.